ಶಾಸನದ ಫೋಟೊ ನೋಡಿ ಪಾಠ ಬರೆಯುವುದು: ಸಂಶಯದ ಅಕ್ಷರಕ್ಕೆ ಗುರುತು ಹಾಕುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಊರಿಗೊಂದಾದರೂ ಅಕ್ಷರ ಕೊರೆದ ಕಲ್ಲು ಸಿಗುತ್ತದೆ. ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಗುಡಿಯ ಮೆಟ್ಟಿಲ ಪಕ್ಕ. ಯಾರೋ ಫೋಟೊ ತೆಗೆದು ಕಳಿಸುತ್ತಾರೆ, 'ಇದರಲ್ಲಿ ಏನು ಬರೆದಿದೆ ಸರ್?' ಅಂತ ಕೇಳುತ್ತಾರೆ. ಉತ್ತರ ಕೊಡುವ ಆತುರದಲ್ಲಿ ನಾವು ಕಂಡ ಅಕ್ಷರವನ್ನೂ ಊಹಿಸಿದ ಅಕ್ಷರವನ್ನೂ ಒಂದೇ ಸಾಲಿನಲ್ಲಿ ಬೆರೆಸಿ ಬರೆದುಬಿಡುತ್ತೇವೆ. ಆಮೇಲೆ ಯಾವುದು ಕಲ್ಲಿನದು, ಯಾವುದು ನಮ್ಮದು ಅಂತ ನಮಗೇ ಗೊತ್ತಾಗುವುದಿಲ್ಲ.

ನಾನೂ ಹಾಗೆ ಮಾಡಿದ್ದೇನೆ. ಒಂದು ಕಲ್ಲಿನ ಮೊದಲ ಸಾಲಿನಲ್ಲಿ 'ಸ್ವಸ್ತಿ ಶ್ರೀ' ಆದ ಮೇಲೆ ಒಂದಿಷ್ಟು ಸವೆದಿತ್ತು. ಮುಂದೆ 'ಜಯಾಭ್ಯುದಯ' ಸಿಕ್ಕಿತು, ಆರಾಮಾಗಿ ಬರೆದುಕೊಂಡೆ. ಎಷ್ಟೋ ಶಾಸನ ಹಾಗೇ ಶುರುವಾಗುತ್ತವೆ ಅಲ್ವಾ? ಬೇರೆ ಹೊತ್ತಿನ ಬೆಳಕಿನಲ್ಲಿ ತೆಗೆದ ಇನ್ನೊಂದು ಫೋಟೊ ಬಂದಾಗ, ಆ ಸವೆದ ಜಾಗದಲ್ಲಿ ಒಂದು 'ವಿ' ಇತ್ತು. ಕಲ್ಲಿನಲ್ಲಿದ್ದದ್ದು 'ವಿಜಯಾಭ್ಯುದಯ'. ಅರ್ಥ ಬದಲಾಗಲಿಲ್ಲ, ನಿಜ. ಆದರೆ ಕಲ್ಲಿನಲ್ಲಿ ಇದ್ದದ್ದನ್ನು ಇಲ್ಲ ಅನ್ನುವ ಹಾಗೆ ಬರೆದಿದ್ದೆ. ಒಂದು ಚೌಕ ಕಂಸ ಹಾಕಿದ್ದರೆ ಸಾಕಿತ್ತು.

ಕಲ್ಲಿನ ಅಕ್ಷರವನ್ನು ಇದ್ದ ಹಾಗೇ ಕಾಗದಕ್ಕೆ ಇಳಿಸಿದ ಬರಹಕ್ಕೆ ಪಾಠ ಅನ್ನುತ್ತೇವೆ. ಇಲ್ಲಿ ಹೇಳುವುದು ಆ ಪಾಠದಲ್ಲಿ ಹಾಕುವ ಕಂಸದ ಬಗ್ಗೆ. ತಾಳೆಗರಿಯ ಮಾತು ಬೇರೆ, ಅದನ್ನು ಇಲ್ಲಿ ತರುವುದಿಲ್ಲ. ವಿಜಯನಗರ ಕಾಲದ ಒಂದು ಕನ್ನಡ ಕಲ್ಲುಶಾಸನ ಅಂತಿಟ್ಟುಕೊಳ್ಳೋಣ. ಕೆಳಗೆ ಕೊಟ್ಟ ಐದು ಸಾಲು ಯಾವ ಊರಿನ ಕಲ್ಲಿನದೂ ಅಲ್ಲ. ಆ ಕಾಲದ ಶಾಸನಗಳ ಸಿದ್ಧ ಒಕ್ಕಣೆಯನ್ನು ತೆಗೆದುಕೊಂಡು ಕಲಿಯುವುದಕ್ಕೆಂದು ನಾನೇ ಕಟ್ಟಿದ ಮಾದರಿ. ಸವೆತ, ಚೆಕ್ಕೆ, ಅಳತೆ ಎಲ್ಲ ನಮ್ಮ ಕಡೆಯ ಕಲ್ಲುಗಳಲ್ಲಿ ದಿನಾ ಕಾಣುವಂಥವೇ.

ಮೊದಲು ಫೋಟೊ ಸರಿ ಮಾಡಿಸಿಕೊಳ್ಳಿ

ನಡುಮಧ್ಯಾಹ್ನ ನೇರ ಬಿಸಿಲಿನಲ್ಲಿ ತೆಗೆದ ಫೋಟೊದಲ್ಲಿ ಅಕ್ಷರ ಚಪ್ಪಟೆಯಾಗಿ ಕಾಣುತ್ತದೆ. ಬೆಳಕು ಪಕ್ಕದಿಂದ ಕಲ್ಲಿನ ಮೈ ಸವರಿಕೊಂಡು ಬಂದರೆ ಮಾತ್ರ ಕೊರೆದ ಗೆರೆಯಲ್ಲಿ ನೆರಳು ಬೀಳುತ್ತದೆ. ಸಂಜೆಗತ್ತಲಾದ ಮೇಲೆ ಒಬ್ಬರು ಟಾರ್ಚನ್ನು ಕಲ್ಲಿಗೆ ತಾಗಿಸಿದಂತೆ ಅಡ್ಡಲಾಗಿ ಹಿಡಿಯಲಿ, ಇನ್ನೊಬ್ಬರು ಫೋಟೊ ತೆಗೆಯಲಿ. ಎಡ, ಬಲ, ಮೇಲೆ, ಕೆಳಗೆ ಅಂತ ನಾಲ್ಕು ಕಡೆಯಿಂದ ಬೆಳಕು ಬಿಟ್ಟು ನಾಲ್ಕು ಫೋಟೊ ಬೇಕು. ಕ್ಯಾಮೆರಾ ಅಲುಗಾಡಬಾರದು, ಬೆಳಕು ಮಾತ್ರ ಜಾಗ ಬದಲಿಸಬೇಕು. ಏಕೆಂದರೆ ಎಡದ ಬೆಳಕಿನಲ್ಲಿ ಅಡ್ಡ ಗೆರೆಗಳು ಮಾಯವಾಗುತ್ತವೆ, ಮೇಲಿನ ಬೆಳಕಿನಲ್ಲಿ ಉದ್ದ ಗೆರೆಗಳು. ನಿಜವಾಗಿ ಕೊರೆದ ಗೆರೆ ಎರಡು ಮೂರು ಫೋಟೊದಲ್ಲಾದರೂ ಅದೇ ಜಾಗದಲ್ಲಿ ಇರುತ್ತದೆ. ಒಂದೇ ಫೋಟೊದಲ್ಲಿ ಕಂಡು ಮಿಕ್ಕದ್ದರಲ್ಲಿ ಕಾಣದೆ ಹೋದರೆ ಅದು ಕಲ್ಲಿನ ಉಬ್ಬುತಗ್ಗಿನ ನೆರಳು ಇರಬಹುದು.

ಕಲ್ಲಿನ ಪಕ್ಕ ಒಂದು ಸ್ಕೇಲ್ ಇಡಿಸಿ. ಫೋಟೊವನ್ನು ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ, ಸಣ್ಣ ಗೆರೆಗಳು ಕರಗಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ.

ಊರಿನವರು ಪ್ರೀತಿಯಿಂದಲೇ ಒಂದು ಮಾತು ಹೇಳುತ್ತಾರೆ. ಹೊಲದ ಹತ್ತಿರ ಒಬ್ಬ ಅಜ್ಜ ನನಗೂ ಹೇಳಿದ್ದರು: 'ಅಕ್ಷರದಾಗ ಸುಣ್ಣ ತುಂಬಿದ್ರೆ ಚಲೋ ಕಾಣ್ತೈತಿ ನೋಡ್ರಿ ಸರ.' ಬೇಡ ಅಜ್ಜ ಅಂದೆ. ಸುಣ್ಣ, ಚಾಕ್‌ಪೀಸು, ಬಣ್ಣ ಯಾವುದೂ ಬೇಡ. ಕಲ್ಲಿಗೆ ಕೆಡುಕು ಅನ್ನುವುದು ಒಂದು ಕಾರಣ. ಓದುವವನಿಗೆ ಆಗುವ ಕೆಡುಕು ಇನ್ನೊಂದು. ಸುಣ್ಣ ತುಂಬುವವರು ತಮಗೆ ತಿಳಿದ ಅಕ್ಷರವನ್ನೇ ತಿದ್ದುತ್ತಾರೆ. ಆಮೇಲೆ ಫೋಟೊ ನೋಡುವ ನಾವು ಕಲ್ಲನ್ನು ಓದುವುದಿಲ್ಲ, ಅವರ ಊಹೆಯನ್ನು ಓದುತ್ತೇವೆ. ಮಣ್ಣು ಮೆತ್ತಿದ್ದರೆ ನೀರು ಮತ್ತು ಮೆತ್ತನೆಯ ಬ್ರಷ್ ಸಾಕು. ತಂತಿ ಬ್ರಷ್ ಬೇಡ.

ಕೆಲವು ಫೋಟೊಗಳಲ್ಲಿ ಕೊರೆದ ಅಕ್ಷರ ಉಬ್ಬಿದಂತೆ ಕಾಣುತ್ತದೆ. ಬೆಳಕು ಕೆಳಗಿನಿಂದ ಬಂದಾಗ ಕಣ್ಣಿಗೆ ಹೀಗೆ ಮೋಸವಾಗುತ್ತದೆ. ಫೋಟೊವನ್ನು ತಲೆಕೆಳಗು ಮಾಡಿ ಒಂದು ಕ್ಷಣ ನೋಡಿ, ಗೆರೆ ಒಳಕ್ಕೆ ಇಳಿಯುತ್ತದೆ.

ಈ ಕಲ್ಲನ್ನು ಯಾರಾದರೂ ಆಗಲೇ ಓದಿದ್ದಾರಾ?

ಓದಲು ಕೂರುವ ಮೊದಲು ಇದನ್ನು ನೋಡಬೇಕು. ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಇದು ಸ್ವಲ್ಪ ಗೋಜಲು. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಶಾಸನ ಸಂಪುಟಮಾಲೆಯ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ದಾವಣಗೆರೆ, ಹರಿಹರ, ಜಗಳೂರು ಕಡೆಯ ಕಲ್ಲಿಗೆ ಆ 11ನೇ ಸಂಪುಟವನ್ನೇ ತೆಗೆಯಬೇಕು. ಹೊನ್ನಾಳಿ, ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಅವು 7ನೇ ಸಂಪುಟದಲ್ಲಿವೆ. ಕೆಲವು ವರ್ಷ ನಮ್ಮ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ, ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿಯ ಕಲ್ಲನ್ನು ದಕ್ಷಿಣ ಭಾರತದ ಶಾಸನಗಳ 9ನೇ ಸಂಪುಟದಲ್ಲಿ ಹುಡುಕಬೇಕು.

ಅಚ್ಚಾದ ಪಾಠ ಸಿಕ್ಕರೆ ಖುಷಿಪಡಿ, ಆದರೆ ಕೂಡಲೇ ಓದಬೇಡಿ. ಸುಮ್ನೆ ಮುಚ್ಚಿಡಿ. ಒಮ್ಮೆ ಅದನ್ನು ಓದಿಬಿಟ್ಟರೆ ಸವೆದ ಜಾಗದಲ್ಲೆಲ್ಲ ಅದೇ ಅಕ್ಷರ ಕಾಣಲು ಶುರುವಾಗುತ್ತದೆ. ಮೊದಲು ನಿಮ್ಮ ಓದು ಮುಗಿಸಿ, ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಗುರುತುಗಳನ್ನು ಮೊದಲೇ ತೀರ್ಮಾನಿಸಿ

ಬೇರೆ ಬೇರೆ ಸಂಪಾದಕರು ಬೇರೆ ಬೇರೆ ಗುರುತು ಬಳಸಿದ್ದಾರೆ. ಅದರಿಂದ ತೊಂದರೆಯಿಲ್ಲ. ನೀವು ಯಾವುದನ್ನು ಯಾವ ಅರ್ಥದಲ್ಲಿ ಬಳಸಿದ್ದೀರಿ ಅಂತ ಪಾಠದ ಮೇಲೆಯೇ ಬರೆದಿದ್ದರೆ ಸಾಕು. ನಾನು ಬಳಸುವುದು ಇಷ್ಟೇ:

```
[ಕ]      ಸವೆದಿದೆ, ಉಳಿದ ಗೆರೆಯಿಂದ ಓದು ಖಚಿತ
[ಕ?]     ಗೆರೆ ಇದೆ, ಓದು ಸಂಶಯ
[ಕ/ಚ]    ಎರಡರಲ್ಲಿ ಒಂದು
[ಕ*]     ಗೆರೆಯೇ ಇಲ್ಲ, ಊಹೆಯಿಂದ ತುಂಬಿದ್ದು
[. . .]  ಹೋದದ್ದು, ಒಂದು ಚುಕ್ಕೆಗೆ ಒಂದು ಅಕ್ಷರ
[---]    ಹೋದದ್ದು, ಎಷ್ಟು ಅಂತ ಹೇಳಲಾಗದು
```

ಇದರಲ್ಲಿ ಜನ ಜಾಸ್ತಿ ಎಡವುವುದು ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ. 'ಶಾಲಿವಾ' ಆದ ಮೇಲೆ ಒಂದು ಅಕ್ಷರ ಮಸುಕಾಗಿ, ಮುಂದೆ 'ನ ಶಕ' ಅಂತಿದ್ದರೆ ಅಲ್ಲಿ 'ಹ' ಇತ್ತು ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಅಲ್ಲಿ ಗೆರೆ ಕಾಣುತ್ತಾ? ಒಂದು ಬಾಗು ಕಂಡರೂ [ಹ]. ಬರೀ ಗುಳಿ ಇದ್ದರೆ [ಹ*]. ಅಕ್ಷರ ಯಾವುದು ಅನ್ನುವ ಧೈರ್ಯ ಎರಡರಲ್ಲೂ ಒಂದೇ, ಆದರೆ ಆಧಾರ ಬೇರೆ. ಮೊದಲನೆಯದಕ್ಕೆ ಕಲ್ಲು ಸಾಕ್ಷಿ, ಎರಡನೆಯದಕ್ಕೆ ನಮ್ಮ ತಿಳಿವಳಿಕೆ ಸಾಕ್ಷಿ.

ಬೇರೆ ದೇಶದ ಶಾಸನ ಓದುವವರು ಸಂಶಯದ ಅಕ್ಷರದ ಕೆಳಗೆ ಒಂದು ಚುಕ್ಕೆ ಇಡುತ್ತಾರೆ. ಕನ್ನಡಕ್ಕೆ ಅದು ಒಗ್ಗುವುದಿಲ್ಲ. ನಮ್ಮಲ್ಲಿ ಅಕ್ಷರದ ಕೆಳಗಿನ ಜಾಗ ಒತ್ತಕ್ಷರದ್ದು, ಚುಕ್ಕೆ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಕಂಸವೇ ಒಳ್ಳೆಯದು.

ಕಂಸ ಹಾಕುವಾಗಲೂ ಒಂದು ಎಚ್ಚರ ಬೇಕು. ಒಂದು ಅಕ್ಷರದಲ್ಲಿ 'ಚ' ಸ್ಪಷ್ಟವಾಗಿದ್ದು ಕೆಳಗಿನ ಒತ್ತು ಮಾತ್ರ ಸಂಶಯ ಅನ್ನಿಸಿದರೆ, ಒತ್ತಿಗೆ ಮಾತ್ರ ಕಂಸ ಹಾಕೋಣ ಅನ್ನಿಸುತ್ತದೆ. ಟೈಪ್ ಮಾಡಿದರೆ ಹೀಗಾಗುತ್ತದೆ:

```
ತಪ್ಪು:  ಚ[್ಯು]
ಸರಿ:   [ಚ್ಯು?]
```

ಮೊದಲನೆಯದರಲ್ಲಿ ಅಕ್ಷರ ಒಡೆದು ಒಂದು ಚುಕ್ಕೆಗಳ ಉಂಗುರ ಮೂಡುತ್ತದೆ, ಫಾಂಟ್ ಬದಲಾದಾಗ ಇನ್ನೂ ಕೆಡುತ್ತದೆ. ಆದ್ದರಿಂದ ಕಂಸ ಯಾವಾಗಲೂ ಇಡೀ ಅಕ್ಷರಕ್ಕೆ, ಗುಣಿತ ಒತ್ತು ಸೇರಿಸಿ. ಯಾವ ಭಾಗ ಸಂಶಯ ಅನ್ನುವುದನ್ನು ಪಾಠದ ಕೆಳಗೆ ಟಿಪ್ಪಣಿಯಲ್ಲಿ ಬರೆಯಿರಿ: 'ಚ ಸ್ಪಷ್ಟ, ಒತ್ತು ಸಂಶಯ.'

ಮೊದಲ ಸುತ್ತು: ಕಂಡದ್ದು ಮಾತ್ರ

ಕಾಗದದ ಮೇಲೆ ಕಲ್ಲಿನ ಸಾಲಿಗೆ ಒಂದರಂತೆ ಗೆರೆ ಹಾಕಿ, ಸಾಲಿಗೆ ಸಂಖ್ಯೆ ಕೊಡಿ. ಪದ ಸಾಲಿನ ಕೊನೆಯಲ್ಲಿ ಒಡೆದರೆ ಒಡೆದ ಹಾಗೇ ಬಿಡಿ. ನಮ್ಮ ಮಾದರಿಯಲ್ಲಿ 'ಕಾರ್ತಿಕ' ಅನ್ನುವುದರ 'ಕಾ' ಎರಡನೇ ಸಾಲಿನ ಕೊನೆಗಿದೆ, ಮಿಕ್ಕದ್ದು ಮೂರನೇ ಸಾಲಿಗೆ ಹೋಗಿದೆ. ಕೂಡಿಸಿ ಬರೆದರೆ ಆಮೇಲೆ ಅಕ್ಷರ ಎಣಿಸುವಾಗ ಲೆಕ್ಕ ತಪ್ಪುತ್ತದೆ.

ಈ ಸುತ್ತಿನಲ್ಲಿ ಅರ್ಥದ ಸಹವಾಸ ಬೇಡ. ಬೇಕಾದರೆ ಸಾಲನ್ನು ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರವಾಗಿ ನೋಡಿ. ನನಗೆ ಇದು ತುಂಬ ಉಪಯೋಗವಾಗಿದೆ. ಪದ ಮೂಡದಿದ್ದಾಗ ಕಣ್ಣು ಗೆರೆಯನ್ನು ಮಾತ್ರ ನೋಡುತ್ತದೆ.

ಜೊತೆಗೆ ಆ ಕಲ್ಲಿನದೇ ಒಂದು ವರ್ಣಮಾಲೆ ಮಾಡಿಕೊಳ್ಳಿ. ಸ್ಪಷ್ಟವಾಗಿ ಕಾಣುವ ಒಂದು ವ, ಒಂದು ಪ, ಒಂದು ಮ, ಒಂದು ರ, ಇರುವ ಅಂಕಿಗಳು, ಇವನ್ನು ಫೋಟೊದಿಂದ ಕತ್ತರಿಸಿ ಒಂದು ಪುಟದಲ್ಲಿ ಅಂಟಿಸಿ. ಪುಸ್ತಕದ ಲಿಪಿಪಟ್ಟಿಗಿಂತ ಇದು ಮೇಲು, ಏಕೆಂದರೆ ಪ್ರತಿ ಕಲ್ಲುಕುಟಿಗನ ಕೈ ಬೇರೆ. ವ, ಪ, ಮ ಮೂರೂ ಸವೆದಾಗ ಒಂದರಂತೆ ಒಂದು ಕಾಣುತ್ತವೆ. ದ ಮತ್ತು ಧ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳು, ಅದು ಮೊದಲು ಸವೆಯುತ್ತದೆ. ಹಳೆಯ ಶಾಸನಗಳಲ್ಲಿ ಎ-ಏ, ಒ-ಓ ಗುಣಿತಗಳಿಗೆ ಬೇರೆ ಬೇರೆ ಚಿಹ್ನೆ ಇರುವುದಿಲ್ಲ. ದೀರ್ಘವನ್ನು ನೀವೇ ಸೇರಿಸಿ ಬರೆಯುತ್ತೀರಾದರೆ ಹಾಗಂತ ಮೇಲೆ ಹೇಳಿಬಿಡಿ, ಕೆಳಗಿನ ಮಾದರಿಯಲ್ಲಿ ನಾನು ಸೇರಿಸಿದ್ದೇನೆ.

ಇನ್ನು ಕಲ್ಲಿನಲ್ಲಿ 'ಧರ್ಮ್ಮ' ಅಂತಿದ್ದರೆ 'ಧರ್ಮ್ಮ' ಅಂತಲೇ ಬರೆಯಬೇಕು. ಇವತ್ತಿನ ಕಾಗುಣಿತಕ್ಕೆ ತಿದ್ದಬಾರದು.

ಮೊದಲ ಸುತ್ತಿನ ಕೊನೆಗೆ ನಮ್ಮ ಮಾದರಿ ಹೀಗಿದೆ:

```
1  ಸ್ವಸ್ತಿ ಶ್ರೀ ಜಯಾಭ್ಯುದಯ ಶಾಲಿವಾ[ಹ]ನ ಶಕ ವರುಷ
2  ೧೪೬[೩/೯] ಸಂದು ವರ್ತಮಾನ ಪ್ಲವ[---] ಸಂವತ್ಸರದ ಕಾ
3  ರ್ತಿಕ ಶು ೧೩ ಲು ಶ್ರೀಮನ್ಮಹಾರಾಜಾಧಿರಾಜ ರಾಜಪ
4  ರಮೇಶ್ವರ ಶ್ರೀ ವೀರಪ್ರತಾಪ ಶ್ರೀ ವೀರ [---]ರಾಯ
5  ಮಹಾರಾಯರು ಪೃಥ್ವೀರಾಜ್ಯಂ ಗೆಯುತ್ತ ಇರಲು [---]
```

ಎರಡನೇ ಸಾಲಿನಲ್ಲಿ ಶಕವರ್ಷದ ಕೊನೆಯ ಅಂಕಿಯ ಮೇಲರ್ಧ ಚೆಕ್ಕೆ ಎದ್ದಿದೆ. 'ಪ್ಲವ' ಆದ ಮೇಲೂ ಒಂದು ಚೆಕ್ಕೆ. ನಾಲ್ಕನೇ ಸಾಲಿನಲ್ಲಿ ಅರಸನ ಹೆಸರಿರಬೇಕಾದ ಜಾಗವೇ ಹೋಗಿದೆ. ಕೊನೆಯ ಸಾಲಿನ ಬಾಲ ಮಣ್ಣಿನಲ್ಲಿದೆ.

ಎರಡನೇ ಸುತ್ತು: ಲೆಕ್ಕ ಮತ್ತು ಅಳತೆ

ಕಾಲದ ಲೆಕ್ಕದಿಂದ ಶುರು ಮಾಡೋಣ. ಶಕವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದಾಗ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆ ಬಂದರೆ 60ನೆಯ ಕ್ಷಯ. ಶಾಸನದಲ್ಲಿ ಸಂದ, ಅಂದರೆ ಮುಗಿದ, ವರ್ಷದ ಬದಲು ನಡೆಯುತ್ತಿರುವ ವರ್ಷವನ್ನು ಕೊಟ್ಟಿದ್ದರೆ ಒಂದು ಹೆಚ್ಚುಕಮ್ಮಿ ಬರುತ್ತದೆ, ಅದನ್ನು ತಪ್ಪು ಅಂತ ತಿಳಿಯಬೇಡಿ. ನಮ್ಮಲ್ಲಿ 'ಸಂದು' ಅಂತಿದೆ, ಹಾಗಾಗಿ ನೇರವಾಗಿ ಹಾಕಬಹುದು.

ಅಂಕಿ ೩ ಆದರೆ ವರ್ಷ 1463. 12 ಕೂಡಿಸಿದರೆ 1475. 60ರಿಂದ ಭಾಗಿಸಿದರೆ ಶೇಷ 35. ಮೂವತ್ತೈದನೆಯದು ಪ್ಲವ. ಸರಿಹೋಯಿತು ಅನ್ನಿಸುತ್ತದೆ. ಈಗ ೯ ಹಾಕಿ ನೋಡಿ. 1469ಕ್ಕೆ 12 ಕೂಡಿಸಿದರೆ 1481, ಶೇಷ 41. ನಲವತ್ತೊಂದನೆಯದು ಪ್ಲವಂಗ! 'ಪ್ಲವ' ಆದ ಮೇಲೆ ಇರುವ ಚೆಕ್ಕೆಯಲ್ಲಿ ಒಂದು ಸೊನ್ನೆಯೂ 'ಗ'ವೂ ಹೋಗಿದ್ದರೆ ಆ ಓದೂ ಅಷ್ಟೇ ಚೆನ್ನಾಗಿ ಕೂಡುತ್ತದೆ. ಎರಡೂ ಕೂಡುವಾಗ ಈ ಲೆಕ್ಕದಿಂದ ಏನೂ ತೀರ್ಮಾನವಾಗುವುದಿಲ್ಲ. ಮೊದಲನೆಯದು ಸರಿಹೋದ ಕೂಡಲೇ ನಿಲ್ಲಿಸಿದ್ದರೆ ನಮಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಲೆಕ್ಕ ಹಾಕುವಾಗ ಬೇಕಾದ ಅಂಕಿಯನ್ನಷ್ಟೇ ಅಲ್ಲ, ಬೇಡದ ಅಂಕಿಯನ್ನೂ ಹಾಕಿ ನೋಡಬೇಕು.

ಇದು ಆರು ವರ್ಷದ ವ್ಯತ್ಯಾಸ ಮಾತ್ರ ಅಲ್ಲ. ಶಕಕ್ಕೆ 78 ಸೇರಿಸಿದರೆ 1463 ಅಂದರೆ ಕ್ರಿ.ಶ. 1541, ಅಚ್ಯುತರಾಯನ ಕಾಲ. 1469 ಅಂದರೆ 1547, ಸದಾಶಿವರಾಯನ ಕಾಲ. ಅಚ್ಯುತರಾಯ ತೀರಿಕೊಂಡದ್ದು 1542ರಲ್ಲಿ. ಅಂಕಿಯ ಒಂದು ಗೆರೆ ಅರಸನನ್ನೇ ಬದಲಿಸುತ್ತದೆ.

ಇಲ್ಲಿ ಒಂದು ಬಲೆ ಇದೆ. ಅರಸ ಅಚ್ಯುತರಾಯ, ಆದ್ದರಿಂದ ಅಂಕಿ ೩. ಅಂಕಿ ೩, ಆದ್ದರಿಂದ ಅರಸ ಅಚ್ಯುತರಾಯ. ಹೀಗೆ ಒಂದು ಸಂಶಯಕ್ಕೆ ಇನ್ನೊಂದು ಸಂಶಯವನ್ನು ಊರುಗೋಲಾಗಿ ಕೊಟ್ಟರೆ ಎರಡೂ ಬೀಳುತ್ತವೆ. ಒಂದೊಂದನ್ನೂ ಬೇರೆಯಾಗಿಯೇ ನೋಡಬೇಕು, ಇನ್ನೊಂದನ್ನು ಕೈಯಿಂದ ಮುಚ್ಚಿಕೊಂಡು.

ಮೊದಲು ಅಂಕಿ. ಅದೃಷ್ಟಕ್ಕೆ ಮೂರನೇ ಸಾಲಿನ ತಿಥಿಯಲ್ಲಿ '೧೩' ಇದೆ, ಅದರ ೩ ಸ್ಪಷ್ಟ. ಅದನ್ನು ಕತ್ತರಿಸಿ ಎರಡನೇ ಸಾಲಿನ ಅರ್ಧ ಅಂಕಿಯ ಪಕ್ಕ ಅದೇ ಗಾತ್ರದಲ್ಲಿ ಇಟ್ಟೆವು ಅನ್ನೋಣ. ಉಳಿದಿರುವ ಕೆಳಬಾಗು ಅದಕ್ಕೆ ಹೊಂದುತ್ತದೆ. ಆದರೆ ಕಲ್ಲಿನಲ್ಲಿ ಬೇರೆಲ್ಲೂ ೯ ಇಲ್ಲ. ಈ ಕುಟಿಗನ ೯ ಹೇಗಿತ್ತು ಅಂತ ತೋರಿಸಲು ಏನೂ ಇಲ್ಲದಿರುವಾಗ '೩ಕ್ಕೆ ಹೊಂದುತ್ತದೆ' ಅಂತ ಹೇಳಬಹುದು, '೯ ಅಲ್ಲವೇ ಅಲ್ಲ' ಅಂತ ಹೇಳಲಾಗದು. ಆದ್ದರಿಂದ [೩?].

ಆಮೇಲೆ 'ಪ್ಲವ'ದ ಪಕ್ಕದ ಚೆಕ್ಕೆ. ಇಲ್ಲಿ ಅಳತೆ ಬೇಕು. ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದು ಸಾಲಿನ ಅಗಲ ಅಳೆಯಿರಿ. ಪೂರ್ತಿ ಇರುವ ಮೂರನೇ ಸಾಲು 2,700 ಪಿಕ್ಸೆಲ್, ಅದರಲ್ಲಿ ಅಕ್ಷರ 18. ಅಂದರೆ ಅಕ್ಷರಕ್ಕೆ ಸರಾಸರಿ 150. ಚೆಕ್ಕೆಯ ಅಗಲ, 'ವ'ದ ಅಂಚಿನಿಂದ 'ಸಂ' ಶುರುವಾಗುವ ತನಕ, 70. 'ಗ' ಒಂದಕ್ಕೇ 150ರಷ್ಟು ಬೇಕು, ಸೊನ್ನೆಗೆ ಇನ್ನೊಂದಿಷ್ಟು. 70ರಲ್ಲಿ ಎರಡೂ ಹಿಡಿಯುವುದಿಲ್ಲ. ಅಕ್ಷರಗಳನ್ನು ಒತ್ತೊತ್ತಿ ಕೆತ್ತುವ ರೂಢಿ ಉಂಟು, ಆದರೆ ಅದು ಸಾಮಾನ್ಯವಾಗಿ ಸಾಲಿನ ಕೊನೆಗೆ, ಜಾಗ ಮುಗಿಯುತ್ತಾ ಬಂದಾಗ. ಇದು ಸಾಲಿನ ನಡುವೆ ಇದೆ, ಅಕ್ಕಪಕ್ಕದ ಅಕ್ಷರಗಳು ಸಡಿಲವಾಗಿಯೇ ಇವೆ. ಹಾಗಾಗಿ ಚೆಕ್ಕೆಯಲ್ಲಿ ಅಕ್ಷರ ಹೋಗಿಲ್ಲ, ಹೆಸರು ಪ್ಲವ. ಪಾಠದಿಂದ ಆ [---] ತೆಗೆಯಬಹುದು, ಆದರೆ ಅಳತೆಯನ್ನು ಟಿಪ್ಪಣಿಯಲ್ಲಿ ಕೊಡಬೇಕು.

ಅಂಕಿಯ ಗೆರೆ ೩ಕ್ಕೆ ಹೊಂದುತ್ತದೆ, ಸಂವತ್ಸರ ಪ್ಲವ ಅಂತ ಬೇರೆ ದಾರಿಯಿಂದ ತಿಳಿಯಿತು. ಈಗ ಲೆಕ್ಕಕ್ಕೆ ಬೆಲೆ ಬಂತು: ಈ ನೂರು ವರ್ಷದಲ್ಲಿ ಪ್ಲವಕ್ಕೆ ಕೂಡುವ '೧೪೬_' 1463 ಒಂದೇ. ಇದರಿಂದ [೩?] ಹೋಗಿ [೩] ಆಗುತ್ತದೆ. ಕಂಸ ಮಾತ್ರ ಇದ್ದೇ ಇರುತ್ತದೆ, ಅಂಕಿ ಅರ್ಧ ಹೋಗಿರುವುದು ಸುಳ್ಳಲ್ಲವಲ್ಲ.

ಕೊನೆಗೆ ಹೆಸರು. 'ವೀರ' ಆದ ಮೇಲಿಂದ 'ರಾಯ' ತನಕ ಜಾಗ 460 ಪಿಕ್ಸೆಲ್, ಅಂದರೆ ಮೂರು ಅಕ್ಷರ. ಅ-ಚ್ಯು-ತ ಮೂರು, ಸ-ದಾ-ಶಿ-ವ ನಾಲ್ಕು. ಬಲದಿಂದ ಬೆಳಕು ಬಿಟ್ಟ ಫೋಟೊದಲ್ಲಿ ಆ ಜಾಗದ ನಡುವೆ, ಸಾಲಿನಿಂದ ಕೆಳಗೆ ಇಳಿದ ಒಂದು ಗೆರೆ ಕಾಣುತ್ತದೆ. ಮೇಲಿನ ಬೆಳಕಿನಲ್ಲೂ ಅದು ಅಲ್ಲೇ ಇದೆ. ಕೆಳಗೆ ಇಳಿಯುವುದು ಒತ್ತಕ್ಷರ, 'ಸದಾಶಿವ'ದಲ್ಲಿ ಒತ್ತೇ ಇಲ್ಲ. ಇಷ್ಟು ಕಾರಣ ಇದ್ದರೂ ಮೊದಲ ಮತ್ತು ಕೊನೆಯ ಅಕ್ಷರದ ಒಂದು ಗೆರೆಯೂ ಉಳಿದಿಲ್ಲ. ಪಾಠದಲ್ಲಿ ಅದು ಕಾಣಬೇಕು. [ಅಚ್ಯುತ] ಅಂತ ಒಟ್ಟಿಗೆ ಕಂಸ ಹಾಕಿದರೆ ಮೂರಕ್ಕೂ ಗೆರೆ ಇದೆ ಅಂತ ಓದುವವರು ತಿಳಿಯುತ್ತಾರೆ.

```
1  ಸ್ವಸ್ತಿ ಶ್ರೀ ಜಯಾಭ್ಯುದಯ ಶಾಲಿವಾ[ಹ]ನ ಶಕ ವರುಷ
2  ೧೪೬[೩] ಸಂದು ವರ್ತಮಾನ ಪ್ಲವ ಸಂವತ್ಸರದ ಕಾ
3  ರ್ತಿಕ ಶು ೧೩ ಲು ಶ್ರೀಮನ್ಮಹಾರಾಜಾಧಿರಾಜ ರಾಜಪ
4  ರಮೇಶ್ವರ ಶ್ರೀ ವೀರಪ್ರತಾಪ ಶ್ರೀ ವೀರ [ಅ*][ಚ್ಯು?][ತ*]ರಾಯ
5  ಮಹಾರಾಯರು ಪೃಥ್ವೀರಾಜ್ಯಂ ಗೆಯುತ್ತ ಇರಲು [---]
```

ಟಿಪ್ಪಣಿಯಲ್ಲಿ ಪ್ರತಿ ಕಂಸಕ್ಕೂ ಒಂದು ಸಾಲು. ಉದ್ದ ಬೇಡ. 'ಸಾಲು 2, [೩]: ಕೆಳಬಾಗು ಮಾತ್ರ ಉಳಿದಿದೆ, ಸಾಲು 3ರ ೩ಕ್ಕೆ ಹೊಂದುತ್ತದೆ, ಸಂವತ್ಸರ ಪ್ಲವ. ಸಾಲು 2, ಪ್ಲವ: ನಂತರ 70 ಪಿಕ್ಸೆಲ್ ಚೆಕ್ಕೆ, ಅಕ್ಷರಕ್ಕೆ ಜಾಗವಿಲ್ಲ. ಸಾಲು 4, [ಚ್ಯು?]: ಒತ್ತಿನ ಗೆರೆ ಮಾತ್ರ, ಬಲ ಮತ್ತು ಮೇಲಿನ ಬೆಳಕಿನಲ್ಲಿ.'

ಐದನೇ ಸಾಲಿನ [---] ಹಾಗೇ ಇರಲಿ. ಅಲ್ಲಿ ಸಾಮಾನ್ಯವಾಗಿ ಏನು ಬರುತ್ತದೆ ಅಂತ ನಮಗೆ ಗೊತ್ತಿರಬಹುದು. ಆದರೆ ಅದು ಮಣ್ಣಿನಲ್ಲಿದೆ, ಅಗೆದು ನೋಡಿದರೆ ಸಿಗುವ ಅಕ್ಷರಕ್ಕೆ ಊಹೆ ಯಾಕೆ?

ಇನ್ನೊಬ್ಬರ ಕಣ್ಣು

ಪಾಠವನ್ನು ಬೇರೆಯವರಿಗೆ ತೋರಿಸುವಾಗ ಮೊದಲು ನಿಮ್ಮ ಓದು ಕೊಡಬೇಡಿ. ಫೋಟೊಗಳನ್ನು ಮಾತ್ರ ಕೊಟ್ಟು, 'ನಾಲ್ಕನೇ ಸಾಲಿನಲ್ಲಿ ವೀರ ಆದ ಮೇಲೆ ಏನು ಕಾಣುತ್ತೆ ನೋಡ್ರಿ' ಅಂತ ಕೇಳಿ. 'ಅಚ್ಯುತ ಅಂತ ಇದೆಯಲ್ವಾ?' ಅಂತ ಕೇಳಿದರೆ ಹೌದು ಅಂತಲೇ ಉತ್ತರ ಬರುತ್ತದೆ. ಅವರ ಓದು ಬೇರೆ ಬಂದರೆ ಎರಡನ್ನೂ ಓರೆಗೆರೆ ಹಾಕಿ ಕಂಸದಲ್ಲಿಡಿ. ಯಾರು ಹಿರಿಯರು ಅನ್ನುವುದರ ಮೇಲೆ ಅಕ್ಷರ ಆರಿಸಬಾರದು. ಮುಚ್ಚಿಟ್ಟ ಅಚ್ಚಿನ ಪಾಠ ಇದ್ದರೆ ಈಗ ತೆಗೆಯಿರಿ. ಅದರಲ್ಲಿ ಸ್ಪಷ್ಟವಾಗಿರುವ ಅಕ್ಷರ ನಿಮ್ಮ ಫೋಟೊದಲ್ಲಿ ಇಲ್ಲದಿದ್ದರೆ, ಅವರು ಓದಿದಾಗ ಕಲ್ಲು ಇಷ್ಟು ಸವೆದಿರಲಿಲ್ಲ ಅಂತಲೂ ಇರಬಹುದು. ಅಂಥ ಅಕ್ಷರವನ್ನು ಪಾಠದೊಳಗೆ ಸೇರಿಸಬೇಡಿ, 'ಅಚ್ಚಿನ ಪಾಠದಲ್ಲಿ ಹೀಗಿದೆ' ಅಂತ ಟಿಪ್ಪಣಿಯಲ್ಲಿ ಕೊಡಿ.

ಇಷ್ಟಾದ ಮೇಲೂ ಬಿಡಿಸಲಾಗದ ಜಾಗ ಉಳಿದರೆ ಫೋಟೊದ ಮಿತಿ ಮುಗಿಯಿತು ಅಂತಲೇ. ಆಗ ಬೇಕಾಗುವುದು ಪಡಿಯಚ್ಚು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿ ತೆಗೆಯುವ ಕೆಲಸ ಅದು, ಪಳಗಿದ ಕೈಗೇ ಬಿಡಬೇಕು. ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ಶಾಖೆ ಮೈಸೂರಿನಲ್ಲಿದೆ. ಅವರಿಗೆ ಬರೆಯುವಾಗ ನಾಲ್ಕೂ ಫೋಟೊ, ಸ್ಕೇಲಿನ ಅಳತೆ, ಕಲ್ಲು ಇರುವ ಜಾಗ, ಮತ್ತು ಕಂಸಗಳ ಸಮೇತ ನಿಮ್ಮ ಪಾಠ ಕಳಿಸಿ. ಯಾವ ಸಾಲಿನ ಯಾವ ಅಕ್ಷರಕ್ಕಾಗಿ ಪಡಿಯಚ್ಚು ಬೇಕು ಅನ್ನುವುದು ಆ ಕಂಸಗಳಿಂದಲೇ ಅವರಿಗೆ ತಿಳಿಯುತ್ತದೆ.